ಎಡಕ್ಕೆ ಪದ, ಬಲಕ್ಕೆ ಚೆಂಡೆ

ಯಕ್ಷಗಾನದ ವಿಡಿಯೊ ಮಾಡುವ ಕೆಲವರು ಧ್ವನಿಯನ್ನು ಎರಡು ಪಾಲು ಮಾಡಿಬಿಡುತ್ತಾರೆ. ಭಾಗವತರ ಪದ, ಮದ್ದಳೆ ಎಡಕ್ಕೆ; ಚೆಂಡೆ ಬಲಕ್ಕೆ. ಎರಡು ಕಿವಿಯೂ ಚುರುಕಾಗಿದ್ದವರಿಗೆ ಇಯರ್‌ಫೋನಿನಲ್ಲಿ ರಂಗಸ್ಥಳದೆದುರೇ ಕೂತಂತೆ ಅನಿಸುತ್ತದೆ. ಒಂದೇ ಕಿವಿ ಕೇಳಿಸುವವರಿಗೆ ಮಾತ್ರ ಹಿಮ್ಮೇಳ ಅರ್ಧಕ್ಕೆ ನಿಲ್ಲುತ್ತದೆ.

ಆದಿ ಉಡುಪಿಯ ನಿವೃತ್ತ ಮಾಷ್ಟ್ರೊಬ್ಬರಿಗೆ ಬಲಗಿವಿ ಕೇಳಿಸದು. "ಎಂಥ ಮಾರಾಯ್ರೆ, ಯುದ್ಧದ ಸನ್ನಿವೇಶಕ್ಕೂ ಚೆಂಡೆಯೇ ಇಲ್ಲ!" ಎಂದು ದೂರಿದರು. ಅವರ ಫೋನಿನಲ್ಲಿ ಯಾರೋ ಬ್ಯಾಲೆನ್ಸ್‌ನ ಗುಂಡಿಯನ್ನು ಪೂರ್ತಿ ಎಡಕ್ಕೆ ಎಳೆದಿಟ್ಟಿದ್ದರು. ಹೆಚ್ಚಿನವರು ಎಡವುವುದು ಇಲ್ಲಿಯೇ. ಬ್ಯಾಲೆನ್ಸ್ ಬಲಬದಿಯ ಸದ್ದನ್ನು ಕುಗ್ಗಿಸುತ್ತದೆಯೇ ಹೊರತು ಅದನ್ನು ಎತ್ತಿ ಎಡಕ್ಕೆ ತರುವುದಿಲ್ಲ. ತರುವುದು ಮೊನೊ: ಎರಡೂ ಬದಿಯ ಸದ್ದನ್ನು ಕೂಡಿಸಿ, ಅದನ್ನೇ ಎರಡೂ ಕಿವಿಗೆ ಕಳಿಸುತ್ತದೆ.

ಮೊದಲು ಪರೀಕ್ಷೆ. ಬ್ಯಾಲೆನ್ಸ್‌ನ ಗುಂಡಿಯನ್ನು ನಡುವಿಗೆ ತಂದು, ಬಲದ ಇಯರ್‌ಫೋನನ್ನು ಕೇಳಿಸುವ ಎಡಗಿವಿಗೆ ಸಿಕ್ಕಿಸಿ ನೋಡಿ. ಪದ ಹಿಂದೆ ಸರಿದು ಚೆಂಡೆ ಕೇಳಿದರೆ ಧ್ವನಿ ಪಾಲಾಗಿದೆ ಎಂದರ್ಥ. ಏನೂ ಬದಲಾಗದಿದ್ದರೆ ಅದು ಮೊದಲೇ ಮೊನೊ, ಸೆಟ್ಟಿಂಗ್‌ನಿಂದ ಲಾಭವಿಲ್ಲ. ಮಾಷ್ಟ್ರಿಗೆ ಚೆಂಡೆ ಕೇಳಿತು. ಆಂಡ್ರಾಯ್ಡ್ ಇರಲಿ, ಐಫೋನ್ ಇರಲಿ, Settings ಒಳಗಿನ Accessibility ತೆರೆದು, ಶ್ರವಣದ ಭಾಗದಲ್ಲಿ Mono audio ಹುಡುಕಿ ಆನ್ ಮಾಡಬೇಕು. ಮೊನೊ ಹಾಕಿದ ಕೂಡಲೇ ಪದದ ಜೊತೆಗೇ ಚೆಂಡೆಯೂ ಎಡಗಿವಿಗೆ ಬಂತು.

ಆಮೇಲೆ ಬ್ಯಾಲೆನ್ಸ್ ಬೇಕೆನಿಸಿದರೆ ಎಳೆಯಬಹುದು. ಎರಡೂ ಬದಿಯಲ್ಲಿ ಒಂದೇ ಸದ್ದಿರುವುದರಿಂದ ಏನೂ ಕಳೆಯದು. ಮಂದ ಕಿವಿಯಲ್ಲಿ ಸದ್ದು ಒಡೆದಂತೆ ಕೇಳುವವರು ಒಳ್ಳೆಯ ಕಿವಿಯ ಕಡೆಗೆ ಎಳೆದುಕೊಂಡರೆ ಹಿತ.

ಮೊನೊಗೂ ಮಿತಿ ಇದೆ. ಪದ ಎಡದಿಂದ, ಚೆಂಡೆ ಬಲದಿಂದ ಎಂಬ ದಿಕ್ಕಿನ ಅನುಭವ ಮರಳದು. ಏರುಪೆಟ್ಟಿನಲ್ಲಿ ಚೆಂಡೆ ಪದವನ್ನು ನುಂಗುವುದೂ ಉಂಟು. ಇನ್ನೊಂದು ವಿಚಿತ್ರ: ಪದ ಎರಡೂ ಬದಿಯಲ್ಲಿರುವ ಕೆಲವು ವಿಡಿಯೊಗಳಲ್ಲಿ ಮೊನೊ ಹಾಕಿದೊಡನೆ ಭಾಗವತರೇ ಮಾಯ, ಚೆಂಡೆ ಮಾತ್ರ ಉಳಿಯುತ್ತದೆ. ಮಿಕ್ಸರಿನ ಒಂದು ಕೇಬಲಿನ ತಂತಿಗಳು ಅದಲುಬದಲಾಗಿ, ಒಂದು ಬದಿಯ ಅಲೆ ಇನ್ನೊಂದಕ್ಕೆ ತಿರುವುಮುರುವಾಗಿದ್ದರೆ ಹೀಗಾಗುತ್ತದೆ. ಎರಡೂ ಬದಿಯಲ್ಲಿ ಸಮನಾಗಿದ್ದ ದನಿ ಕೂಡಿದಾಗ ಪರಸ್ಪರ ಅಳಿಸಿಹೋಗುತ್ತದೆ. ಇಂಥ ಕಡತಕ್ಕೆ ಕಂಪ್ಯೂಟರಿನ ವಿಎಲ್‌ಸಿಯಲ್ಲಿ Audio ಮೆನುವಿನ Stereo Mode ತೆರೆದು Left ಅಥವಾ Right ಆರಿಸಿ. ಒಂದೇ ಬದಿಯ ಧ್ವನಿ ಎರಡೂ ಕಿವಿಗೆ ಬರುತ್ತದೆ, ಭಾಗವತರು ಮರಳುತ್ತಾರೆ.

ಟಿವಿಯ ಸ್ಪೀಕರಿನಲ್ಲಿ ನೋಡುವವರಿಗೆ ಇಷ್ಟು ರಗಳೆಯಿಲ್ಲ. ಎರಡೂ ಬದಿಯ ಸದ್ದು ಕೋಣೆಯಲ್ಲೇ ಬೆರೆತು ಒಳ್ಳೆಯ ಕಿವಿಗೆ ಮುಟ್ಟುತ್ತದೆ. ಆ ಕಿವಿ ಟಿವಿಯ ಕಡೆಗಿರುವಂತೆ ಕುರ್ಚಿ ತಿರುಗಿಸಿಕೊಂಡರಾಯಿತು.

ಆಟ ರೆಕಾರ್ಡ್ ಮಾಡುವವರಲ್ಲಿ ಒಂದು ವಿನಂತಿ: ಪದ, ಅರ್ಥಗಾರಿಕೆ ನಡುವೆಯೇ ಇರಲಿ. ಚೆಂಡೆಯನ್ನು ಬೇಕಾದರೆ ತುಸು ಸರಿಸಿ, ಪೂರ್ತಿ ಒಂದೇ ಬದಿಗೆ ತಳ್ಳಬೇಡಿ.