ಉತ್ತರದಲ್ಲಿ ಕಾಣೆಯಾಗುವ x

ಹಾಸನದ ದೊಡ್ಡ ಕಾಲೇಜಾಗಲಿ, ಅರಕಲಗೂಡಿನ ಸರ್ಕಾರಿ ಪಿಯು ಕಾಲೇಜಾಗಲಿ, ದ್ವಿತೀಯ ಪಿಯುಸಿ ವಿಜ್ಞಾನದ ಗಣಿತಕ್ಕೆ ಇರುವುದು ಒಂದೇ ಪುಸ್ತಕ. ಎನ್‌ಸಿಇಆರ್‌ಟಿ ಸಿದ್ಧಪಡಿಸಿದ ಆ ಪುಸ್ತಕದ ಎರಡನೇ ಭಾಗ ಅನುಕಲನದಿಂದ ಶುರುವಾಗುತ್ತದೆ. ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಮಕ್ಕಳೂ ಅದನ್ನೇ ಓದಿ, ಅದರ ಮೇಲೆಯೇ ಸಿಇಟಿಗೆ ಕೂರುತ್ತಾರೆ. ಅಧ್ಯಾಯದ ‘ಪಾರ್ಷಿಯಲ್ ಫ್ರ್ಯಾಕ್ಷನ್’ ಭಾಗ ಅಚ್ಚುಕಟ್ಟಾಗಿದೆ. ಛೇದ ಯಾವ ರೂಪದಲ್ಲಿದ್ದರೆ ಭಿನ್ನರಾಶಿಯನ್ನು ಹೇಗೆ ಒಡೆಯಬೇಕು ಎಂಬುದಕ್ಕೆ ಕೋಷ್ಟಕವೇ ಇದೆ. ಆದರೆ ಅಂಶದ ಘಾತ ಛೇದದ ಘಾತಕ್ಕಿಂತ ಕಡಿಮೆ ಇಲ್ಲದಿದ್ದರೆ ಮೊದಲು ಭಾಗಿಸಬೇಕು ಎಂಬ ಮಾತು ಅಲ್ಲಿ ಬಂದಷ್ಟೇ ಬೇಗ ಮುಗಿದುಹೋಗುತ್ತದೆ. ಯಾಕೆ ಭಾಗಿಸಬೇಕು, ಭಾಗಿಸದಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆಗಳನ್ನು ಪುಸ್ತಕ ಎತ್ತುವುದೇ ಇಲ್ಲ. ತರಗತಿಯಲ್ಲೂ ಸಾಮಾನ್ಯವಾಗಿ ಅದೊಂದು ಆಜ್ಞೆಯಾಗಿಯೇ ಉಳಿಯುತ್ತದೆ.

ಪುಸ್ತಕ ಬಿಡಿಸಿ ತೋರಿಸಿರುವ ಒಂದು ಲೆಕ್ಕ ಹೀಗಿದೆ:

(x² + 1)/(x² − 5x + 6)

ಮೇಲೆ ಎರಡನೇ ಘಾತ, ಕೆಳಗೂ ಎರಡನೇ ಘಾತ. ಭಾಗಿಸಿದರೆ ಭಾಗಲಬ್ಧ 1, ಶೇಷ 5x − 5. ಛೇದವನ್ನು (x − 2)(x − 3) ಎಂದು ಅಪವರ್ತಿಸಿ ಶೇಷದ ಭಾಗವನ್ನು ಒಡೆದರೆ ಇಡೀ ಭಿನ್ನರಾಶಿ 1 − 5/(x − 2) + 10/(x − 3) ಆಗುತ್ತದೆ. ಅನುಕಲಿಸಿದಾಗ ಸಿಗುವ ಉತ್ತರ x − 5 log|x − 2| + 10 log|x − 3| + C.

ಈಗ ಭಾಗಿಸುವುದನ್ನು ಮರೆತ ವಿದ್ಯಾರ್ಥಿಯ ದಾರಿ ನೋಡೋಣ. ಅವಳು ನೇರವಾಗಿ A/(x − 2) + B/(x − 3) ಎಂದು ಬರೆದುಕೊಳ್ಳುತ್ತಾಳೆ. ಛೇದದಿಂದ ಗುಣಿಸಿದರೆ x² + 1 = A(x − 3) + B(x − 2). x = 2 ಎಂದು ಹಾಕಿದರೆ 5 = −A, ಅಂದರೆ A = −5. x = 3 ಎಂದು ಹಾಕಿದರೆ B = 10. ಎರಡೂ ಸರಿಯಾದ ಬೆಲೆಗಳೇ! ಎಲ್ಲೂ ತಡೆಯಿಲ್ಲ, ಎಲ್ಲೂ ವಿರೋಧ ಕಾಣಲಿಲ್ಲ. ಉತ್ತರದ ಎರಡು log ಪದಗಳೂ ಪುಸ್ತಕದ ಉತ್ತರಕ್ಕೆ ಹೊಂದುತ್ತವೆ. ಮುಂದಿರಬೇಕಾಗಿದ್ದ x ಮಾತ್ರ ಇಲ್ಲ.

ಇದು ಆಕಸ್ಮಿಕವಲ್ಲ. x = 2 ಆದಾಗ ಛೇದ ಸೊನ್ನೆಯಾಗುತ್ತದೆ. ಆಗ ಭಾಜ್ಯ = ಭಾಜಕ × ಭಾಗಲಬ್ಧ + ಶೇಷ ಎಂಬುದರಲ್ಲಿ ಭಾಗಲಬ್ಧದ ಪದ ಪೂರ್ತಿ ಅಳಿದು ಶೇಷ ಮಾತ್ರ ಉಳಿಯುತ್ತದೆ. ಹಾಗಾಗಿ ಮೂಲಗಳನ್ನು ಹಾಕಿ A, B ಕಂಡುಹಿಡಿಯುವ ವಿಧಾನಕ್ಕೆ ಭಾಗಲಬ್ಧ ಕಾಣುವುದೇ ಇಲ್ಲ. ಅದೇ ವಿದ್ಯಾರ್ಥಿ x² ಪದದ ಸಹಗುಣಕಗಳನ್ನು ಹೋಲಿಸಿದ್ದರೆ ಎಡಕ್ಕೆ 1, ಬಲಕ್ಕೆ 0 ಬಂದು ತಪ್ಪು ತಕ್ಷಣ ಹೊರಬೀಳುತ್ತಿತ್ತು. ಹೋಲಿಸುವ ವಿಧಾನ ನಿಧಾನದ್ದು, ಆದರೆ ಎಚ್ಚರಿಸುತ್ತದೆ. ಮೂಲ ಹಾಕುವ ವಿಧಾನ ಬೇಗ ಮುಗಿಯುತ್ತದೆ, ಆದರೆ ತಪ್ಪನ್ನು ಮುಚ್ಚಿಡುತ್ತದೆ. ಎಂಬತ್ತು ನಿಮಿಷದಲ್ಲಿ ಅರವತ್ತು ಪ್ರಶ್ನೆ ಬಿಡಿಸಬೇಕಾದ ಸಿಇಟಿಗಾಗಿ ಎರಡನೆಯದನ್ನೇ ಅಭ್ಯಾಸ ಮಾಡಿಸುವವರು ಈ ಅಪಾಯವನ್ನೂ ಜೊತೆಗೇ ಹೇಳಬೇಕು. ಹೇಳದೆ ಬಿಡುವುದು ಬೋಧನೆಯ ದೋಷವೇ.

ತಪ್ಪನ್ನು ಹಿಡಿಯಲು ಹೆಚ್ಚು ಹೊತ್ತೇನೂ ಬೇಡ. ಮೂಲವಲ್ಲದ ಒಂದು ಸುಲಭ ಬೆಲೆಯನ್ನು ಎರಡೂ ಕಡೆ ಹಾಕಿದರೆ ಸಾಕು. x = 1 ಎಂದರೆ ಮೂಲ ಭಿನ್ನರಾಶಿ 2/2 = 1. ಒಡೆದು ಬರೆದದ್ದು −5/(−1) + 10/(−2) = 0. ವ್ಯತ್ಯಾಸ 1, ಬಿಟ್ಟುಹೋದ ಭಾಗಲಬ್ಧವೂ 1. ನಿಶ್ಚಿತ ಅನುಕಲನದಲ್ಲಾದರೆ ಪೆಟ್ಟು ನೇರವಾಗಿ ಬೀಳುತ್ತದೆ: 4ರಿಂದ 5ರವರೆಗಿನ ಸರಿಯಾದ ಬೆಲೆ ಸುಮಾರು 5.904, ಭಾಗಿಸದವರಿಗೆ ಸಿಗುವುದು 4.904.

ಭಾಗಾಕಾರ ಯಾಕೆ ಅನಿವಾರ್ಯ ಎಂಬುದನ್ನೂ ಒಂದೆರಡು ವಾಕ್ಯದಲ್ಲಿ ಹೇಳಬಹುದು. x ತುಂಬಾ ದೊಡ್ಡದಾಗುತ್ತ ಹೋದಂತೆ A/(x − 2), B/(x − 3) ಎರಡೂ ಸೊನ್ನೆಯತ್ತ ಸರಿಯುತ್ತವೆ. ಮೂಲ ಭಿನ್ನರಾಶಿಯಾದರೋ 1ರತ್ತ ಸರಿಯುತ್ತದೆ. ಸೊನ್ನೆಗೆ ಹೋಗುವ ತುಣುಕುಗಳನ್ನು ಎಷ್ಟು ಕೂಡಿಸಿದರೂ 1ಕ್ಕೆ ಹೋಗುವುದನ್ನು ಕಟ್ಟಲಾಗದು. ಪ್ರಾಥಮಿಕ ಶಾಲೆಯಲ್ಲಿ 17/5 ಎಂಬ ವಿಷಮ ಭಿನ್ನರಾಶಿಯಿಂದ 3ನ್ನು ಹೊರತೆಗೆದು 2/5 ಉಳಿಸಿಕೊಂಡದ್ದೂ ಇದೇ ಕೆಲಸ.

ಭಾಗಿಸಲು ಹೊರಟವರೂ ಎಡವುವ ಜಾಗ ಒಂದಿದೆ. ಅಭ್ಯಾಸದಲ್ಲಿ (x³ + x + 1)/(x² − 1) ಬರುತ್ತದೆ. ಇಲ್ಲಿ ಭಾಜ್ಯದಲ್ಲಿ x² ಪದವಿಲ್ಲ, ಭಾಜಕದಲ್ಲಿ x ಪದವಿಲ್ಲ. x³ + 0x² + x + 1 ಎಂದು ಸೊನ್ನೆಗೂ ಜಾಗ ಕೊಟ್ಟು ಬರೆಯದಿದ್ದರೆ ಪದಗಳು ಒಂದರ ಕೆಳಗೆ ಇನ್ನೊಂದು ಸೇರಿಕೊಳ್ಳುತ್ತವೆ. ಸರಿಯಾಗಿ ಬರೆದರೆ ಒಂದೇ ಹೆಜ್ಜೆ: x × (x² − 1) = x³ − x. ಕಳೆಯುವಾಗ −x ಎಂಬುದು +x ಆಗಿ, ಮೇಲಿನ x ಜೊತೆ ಕೂಡಿ ಶೇಷ 2x + 1. ಚಿಹ್ನೆ ಬದಲಿಸದವರಿಗೆ ಶೇಷ ಬರೀ 1 ಎಂದು ಬರುತ್ತದೆ. ಉತ್ತರ x²/2 + ½ log|x + 1| + (3/2) log|x − 1| + C. ಈ ಕೌಶಲ ಹೈಸ್ಕೂಲಿನಲ್ಲೇ ಕೈಗೆ ಹತ್ತಿರಬೇಕಿತ್ತು. ಆದರೆ 2022ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ಬಹುಪದೋಕ್ತಿಗಳ ಅಧ್ಯಾಯದಿಂದ ಭಾಗಾಕಾರದ ವಿಭಾಗವನ್ನೇ ಕೈಬಿಟ್ಟಿತು. ಕೆಳಗೆ ಕಿತ್ತದ್ದನ್ನು ಮೇಲಿನ ಪುಸ್ತಕ ಮತ್ತೆ ಕಟ್ಟಿಕೊಡಬೇಕಿತ್ತು.

ಕೂಡಿಸಿ ಕಳೆಯುವ ಉಪಾಯವನ್ನು ಕಲಿಸುವವರಿದ್ದಾರೆ: x² + 1ನ್ನು (x² − 5x + 6) + (5x − 5) ಎಂದು ಬರೆಯುವುದು. ಅದು ಭಾಗಾಕಾರದ್ದೇ ಇನ್ನೊಂದು ರೂಪ, ಘಾತಗಳ ಅಂತರ ಒಂದೆರಡಿದ್ದಾಗ ಚೆನ್ನಾಗಿಯೇ ನಡೆಯುತ್ತದೆ. ಅಂತರ ಆರಾದರೆ? 2010ರ ಐಐಟಿ ಪ್ರವೇಶ ಪರೀಕ್ಷೆಯಲ್ಲಿ ಕೇಳಿದ್ದು 0ರಿಂದ 1ರವರೆಗೆ x⁴(1 − x)⁴/(1 + x²) ಎಂಬುದರ ಅನುಕಲನ. 1944ರಲ್ಲಿ ಡಾಲ್ಜೆಲ್ ಪ್ರಕಟಿಸಿದ ಹೆಸರಾಂತ ಲೆಕ್ಕ ಅದು. ಅಂಶವನ್ನು ಬಿಡಿಸಿದರೆ x⁸ − 4x⁷ + 6x⁶ − 4x⁵ + x⁴. ಸಾಲುಸಾಲಾಗಿ ಭಾಗಿಸಿದರೆ ಭಾಗಲಬ್ಧ x⁶ − 4x⁵ + 5x⁴ − 4x² + 4, ಶೇಷ −4. ಭಾಗಲಬ್ಧದ ಅನುಕಲನ 1/7 − 2/3 + 1 − 4/3 + 4, ಅಂದರೆ 22/7. ಶೇಷದ ಭಾಗ −4/(1 + x²) ಕೊಡುವುದು −π. ಒಟ್ಟು 22/7 − π. 0 ಮತ್ತು 1ರ ನಡುವೆ ಆ ಭಿನ್ನರಾಶಿ ಎಲ್ಲೂ ಋಣವಾಗದ ಕಾರಣ 22/7 ಎಂಬುದು πಗಿಂತ ದೊಡ್ಡದು ಎಂದು ಅಲ್ಲೇ ಸಾಬೀತಾಗುತ್ತದೆ. ಶಾಲೆಯಲ್ಲಿ πಗೆ 22/7 ಹಾಕಿ ಬಂದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಪುಸ್ತಕದ ಪಾರ್ಷಿಯಲ್ ಫ್ರ್ಯಾಕ್ಷನ್ ಭಾಗದಲ್ಲಿ ಇಂಥ ದೀರ್ಘ ಭಾಗಾಕಾರ ಒಂದೂ ಇಲ್ಲದಿರುವುದು ನಿಜವಾದ ಕೊರತೆ.

ಹಾಗೆಂದು ಎಲ್ಲ ಕಡೆಯೂ ಭಾಗಾಕಾರವೇ ಹತ್ತಿರದ ದಾರಿಯಲ್ಲ. x⁵/(x − 1)² ಇದ್ದರೆ t = x − 1 ಎಂದು ಆದೇಶಿಸುವುದೇ ಚೆಂದ. (t + 1)⁵ನ್ನು ದ್ವಿಪದ ಪ್ರಮೇಯದಿಂದ ಬಿಡಿಸಿ t²ರಿಂದ ಭಾಗಿಸಿದರೆ t³ + 5t² + 10t + 10 + 5/t + 1/t² ಸಿಗುತ್ತದೆ. ಭಾಗಲಬ್ಧವೂ ಆಂಶಿಕ ಭಿನ್ನರಾಶಿಗಳೂ ಒಂದೇ ಸಾಲಿನಲ್ಲಿ ಬಂದುಬಿಡುತ್ತವೆ, A, B ಹುಡುಕುವ ಕೆಲಸವೇ ಇರುವುದಿಲ್ಲ.