ಮೊಸರವಲಕ್ಕಿ ಎಂಬ ಆಪ್ತ ತಿಂಡಿ

ಬೆಳಗ್ಗೆ ಏನೂ ತಿನ್ನದೆ ಓಡಿ, ಹನ್ನೊಂದಕ್ಕೆ ಸುಸ್ತಾಗುವವರಿಗೆ ನಾನು ಹೇಳುವುದು ಮೊಸರವಲಕ್ಕಿ. ಭತ್ತವನ್ನು ನೆನೆಸಿ, ಹುರಿದು, ಕುಟ್ಟುವಾಗಲೇ ಅವಲಕ್ಕಿ ಬೆಂದಿರುತ್ತದೆ. ಅದಕ್ಕೆ ಒಲೆ ಬೇಡ, ನೀರು ಸಾಕು.

ಒಬ್ಬರಿಗೆ ಒಂದು ಲೋಟ ಗಟ್ಟಿ ಅವಲಕ್ಕಿ ತೊಳೆದು, ನೀರು ಬಸಿದು, 5 ನಿಮಿಷ ಮುಚ್ಚಿಡಿ. ಕಾಳನ್ನು ಬೆರಳಲ್ಲಿ ಹಿಚುಕಿದರೆ ಮೆತ್ತಗಾಗಬೇಕು. ನಡುವೆ ಗಟ್ಟಿ ಸಿಕ್ಕರೆ ಸ್ವಲ್ಪ ನೀರು ಚಿಮುಕಿಸಿ. ತೆಳು ಅವಲಕ್ಕಿಯಾದರೆ ತೊಳೆಯುವಾಗಲೇ ಮುದ್ದೆಯಾಗುತ್ತದೆ, ಅದಕ್ಕೆ ನೇರವಾಗಿ ಮೊಸರು ಹಾಕಿ.

ಈಗ ಒಂದು ಲೋಟ ಮೊಸರು, ಉಪ್ಪು, ಒಂದು ಹಿಡಿ ಹುರಿದ ಕಡಲೆಬೀಜ ಬೆರೆಸಿ. ಬರೀ ಅವಲಕ್ಕಿ ಬೇಗ ಜೀರ್ಣವಾಗಿ ಮತ್ತೆ ಹಸಿವಾಗುತ್ತದೆ. ಮೊಸರು, ಕಡಲೆಬೀಜಗಳ ಪ್ರೋಟೀನು, ಕೊಬ್ಬು ಜೀರ್ಣಕ್ರಿಯೆಯನ್ನು ನಿಧಾನಗೊಳಿಸುತ್ತವೆ. ಒಗ್ಗರಣೆ ರುಚಿಗೆ ಮಾತ್ರ. ಹೊತ್ತಿಲ್ಲದ ದಿನ ಬಿಡಬಹುದು, ಕಡಲೆಬೀಜವನ್ನು ಬಿಡಬೇಡಿ.