ಕಡತದ ಸಂಗ್ರಹ

ಕಂದಾಯ ಕಡತಗಳಲ್ಲಿ ಅರ್ಜಿ, ಪಹಣಿ, ಸ್ಥಳತನಿಖೆಯ ವರದಿ ಮೊದಲಾದವು ಕನ್ನಡದಲ್ಲಿಯೂ, ನ್ಯಾಯಾಲಯದ ಆದೇಶ ಮತ್ತು ವಕೀಲರ ನೋಟೀಸುಗಳು ಅನೇಕ ವೇಳೆ ಇಂಗ್ಲಿಷಿನಲ್ಲಿಯೂ ಇರುವುದರಿಂದ, ಅವೆಲ್ಲವನ್ನೂ ಅರ್ಧ ಪುಟಕ್ಕೆ ಇಳಿಸಿ ಮೇಲಧಿಕಾರಿಗೆ ಮಂಡಿಸುವ ಗುಮಾಸ್ತನು ಎರಡು ಭಾಷೆಗಳನ್ನೂ ಕರಗಿಸಿ ಒಂದೇ ಎರಕದ ಸರಾಗವಾದ ಕನ್ನಡವನ್ನು ಬರೆಯಲು ಹವಣಿಸುತ್ತಾನೆ; ನನ್ನ ಆಕ್ಷೇಪವಿರುವುದು ಆ ಸರಾಗತೆಯ ವಿಷಯದಲ್ಲಿಯೇ.

ಕಾಳಪ್ಪ ಬಿನ್ ಮರಿಯಪ್ಪ ಎಂಬೊಬ್ಬ ರೈತನು ಎರಡು ಜಮೀನುಗಳ ಖಾತೆ ಬದಲಾವಣೆಯನ್ನು ಕೋರಿರುವನೆಂದು ಕಲ್ಪಿಸಿಕೊಳ್ಳೋಣ. ಪಹಣಿಯಲ್ಲಿ ಒಂದರ ವಿಸ್ತೀರ್ಣ 2-20, ಮತ್ತೊಂದರದು 1-30. ಇವು ಎಕರೆ-ಗುಂಟೆಗಳೆಂಬುದನ್ನೂ 40 ಗುಂಟೆಗೆ ಒಂದು ಎಕರೆಯೆಂಬುದನ್ನೂ ಮರೆತು, ಇಂಗ್ಲಿಷ್ ಪತ್ರದ ದಶಾಂಶ ಪದ್ಧತಿಯಲ್ಲಿ 2.20 ಮತ್ತು 1.30 ಎಂದು ಬರೆದು ಕೂಡಿಸಿದವನಿಗೆ ಮೂರೂವರೆ ಎಕರೆ ದೊರೆಯುತ್ತದೆ. ನಿಜವಾದ ಮೊತ್ತ 4-10. ಲೇಖನಿಯ ಒಂದು ಚುಕ್ಕಿಯಿಂದ ಮುಕ್ಕಾಲು ಎಕರೆ ಮಾಯವಾಯಿತು. ಮೂಲದ ಅಂಕೆಗಳೆರಡನ್ನೂ ಇದ್ದಂತೆಯೇ ಇಟ್ಟು, ಮೊತ್ತವು ತನ್ನ ಲೆಕ್ಕವೆಂದು ಪ್ರತ್ಯೇಕವಾಗಿ ಸೂಚಿಸಿದ್ದರೆ, ಓದಿದವರು ತಪ್ಪನ್ನು ಒಡನೆಯೇ ಹಿಡಿಯುತ್ತಿದ್ದರು.

ಹೆಸರಿನ ಗತಿಯೂ ಇದೇ. ಆದೇಶದ ರೋಮನ್ ಲಿಪಿಯಲ್ಲಿ ದೀರ್ಘಸ್ವರವೂ ಳಕಾರವೂ ಗುರುತಿಲ್ಲದಂತಾಗಿ, ಅದನ್ನು ಮಾತ್ರ ನೋಡಿ ಬರೆದವನ ಟಿಪ್ಪಣಿಯಲ್ಲಿ ಕಾಳಪ್ಪನು ಕಲ್ಲಪ್ಪನಾಗುತ್ತಾನೆ. ಸ್ಥಳಾಭಾವದ ನೆಪದಿಂದ ತಂದೆಯ ಹೆಸರನ್ನೂ ಬಿಟ್ಟರೆ, ಅದೇ ಗ್ರಾಮದ ಬೇರೊಬ್ಬ ಕಲ್ಲಪ್ಪನು ಕಡತದೊಳಕ್ಕೆ ಪ್ರವೇಶಿಸಿದಂತೆಯೇ ಸರಿ. ಪಹಣಿಯ ಕನ್ನಡ ರೂಪವೇ ಇಲ್ಲಿ ಪ್ರಮಾಣವಾಗತಕ್ಕದ್ದು.

ಎಲ್ಲಕ್ಕಿಂತ ಹೆಚ್ಚಿನ ಅನರ್ಥವಾಗುವುದು ಉದ್ಧೃತ ವಾಕ್ಯದಲ್ಲಿ. ನ್ಯಾಯಾಲಯವು ಉಭಯ ಪಕ್ಷಗಳೂ "ಸ್ಟೇಟಸ್ ಕೋ" ಕಾಪಾಡಬೇಕೆಂದೂ ಅದು "ಟಿಲ್ ದಿ ನೆಕ್ಸ್ಟ್ ಡೇಟ್ ಆಫ್ ಹಿಯರಿಂಗ್" ಎಂದೂ ಹೇಳಿದ್ದರೆ, "ತಡೆಯಾಜ್ಞೆಯಾಗಿದೆ" ಎಂದು ಬರೆದುಬಿಡುವುದು ನಮ್ಮ ಕಚೇರಿಗಳ ಅಭ್ಯಾಸ. ಇಬ್ಬರನ್ನೂ ಬಂಧಿಸಿದ ಆಜ್ಞೆ ಒಬ್ಬನ ಮೇಲಿನ ನಿರ್ಬಂಧದಂತೆ ತೋರಿತು. ಮುಂದಿನ ವಿಚಾರಣೆಯ ದಿನದವರೆಗಿನ ಮಿತಿ ಅಳಿಸಿಹೋಗಿ ತಾತ್ಕಾಲಿಕವಾದದ್ದು ನಿರವಧಿಯಾಯಿತು. ಆಂಗ್ಲೋಕ್ತಿಯನ್ನು ಉದ್ಧರಣ ಚಿಹ್ನೆಯೊಳಗೆ ಯಥಾವತ್ತಾಗಿ ಉಳಿಸಿ, ಕನ್ನಡದ ವಿವರಣೆಯನ್ನು ಚಿಹ್ನೆಯ ಹೊರಗೆ ಕೊಡುವುದು ಒರಟಾಗಿ ಕಂಡರೂ ನಾನು ಅದನ್ನೇ ಮೆಚ್ಚುವೆನು.

ಪಳಗಿದ ಕೈಗಳು ಕೆಲಸದ ಕ್ರಮವನ್ನೇ ತಿರುಗಿಸುತ್ತವೆ. ಮೊದಲ ಓದಿನಲ್ಲಿ ಹೆಸರು, ಅಂಕೆ, ಉಕ್ತಿಗಳನ್ನು ಪುಟಸಂಖ್ಯೆಯೊಡನೆ ಬೇರೊಂದು ಹಾಳೆಗೆ ಇಳಿಸಿಕೊಂಡು, ಆಮೇಲೆ ಉಳಿದುದನ್ನು ನಿರ್ದಾಕ್ಷಿಣ್ಯವಾಗಿ ಸಂಕ್ಷೇಪಿಸಿ, ಕೊನೆಗೆ ಆ ಹಾಳೆಯೊಂದನ್ನೇ ಹಿಡಿದು ಟಿಪ್ಪಣಿಯನ್ನು ಮೂಲದೊಡನೆ ತಾಳೆ ನೋಡುತ್ತವೆ. ಪಹಣಿಯಲ್ಲಿ 2-20 ಎಂದೂ ಆದೇಶದಲ್ಲಿ 2-10 ಎಂದೂ ಇದ್ದಾಗ ಮಾತ್ರ ತಾಳೆ ಸಾಲದು. ಯಾವುದು ಸರಿಯೆಂದು ತೀರ್ಮಾನಿಸುವ ಅಧಿಕಾರ ಸಂಗ್ರಹಕಾರನಿಗಿಲ್ಲವಾದ್ದರಿಂದ, ಎರಡನ್ನೂ ಆಯಾ ಪುಟಸಂಖ್ಯೆಗಳೊಡನೆ ಬರೆದು, ವ್ಯತ್ಯಾಸವಿದೆಯೆಂದಷ್ಟೇ ನಮೂದಿಸಿ, ಕಡತವನ್ನು ಮೇಲಕ್ಕೆ ಕಳುಹಿಸತಕ್ಕದ್ದು.